ಶೆಲ್ಫಿನಲ್ಲಿ 149, ಬಿಲ್ಲಿನಲ್ಲಿ 168

ಕಳೆದ ತಿಂಗಳು ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಲೀಟರ್ ಅಡುಗೆ ಎಣ್ಣೆ ತೆಗೆದುಕೊಂಡೆ. ಶೆಲ್ಫಿನ ಚೀಟಿಯಲ್ಲಿ 149 ರೂಪಾಯಿ ಇತ್ತು, ಬಿಲ್ಲಿನಲ್ಲಿ 168 ಬಂತು. ಕೇಳಿದರೆ ಕ್ಯಾಶಿಯರ್ ಪ್ಯಾಕೆಟ್ ತಿರುಗಿಸಿ ತೋರಿಸಿದರು: "ಎಂಆರ್‌ಪಿ 185 ಇದೆ ನೋಡಿ ಮೇಡಂ, ಕಡಿಮೆಗೇ ಕೊಟ್ಟಿದ್ದೀವಲ್ಲ?"

ಈ ಉತ್ತರ ಕೇಳಿ ತುಂಬಾ ಜನ ಸುಮ್ನಾಗುತ್ತಾರೆ. ಸುಮ್ನಾಗಬೇಕಿಲ್ಲ.

ಒಂದೇ ವಸ್ತುವಿಗೆ ಎರಡು ಬೆಲೆ ಹುಟ್ಟಿದ್ದು ಬಾರ್‌ಕೋಡಿನ ಜೊತೆಗೆ. ಮೊದಲು ಬೆಲೆಯ ಚೀಟಿ ವಸ್ತುವಿನ ಮೇಲೆಯೇ ಇರುತ್ತಿತ್ತು, ಅದನ್ನೇ ನೋಡಿ ಬಿಲ್ ಮಾಡುತ್ತಿದ್ದರು. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕನ್ನು ಸ್ಕ್ಯಾನ್ ಮಾಡಿದರು. ಈಗ ಬಳಕೆಯಲ್ಲಿರುವ ಬಗೆಯ ಬಾರ್‌ಕೋಡನ್ನು ಅಂಗಡಿಯಲ್ಲಿ ಓದಿದ್ದು ಅದೇ ಮೊದಲು. ಬಾರ್‌ಕೋಡಿನಲ್ಲಿ ಬೆಲೆ ಇರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. ಬೆಲೆ ಕಂಪ್ಯೂಟರಿನಲ್ಲಿರುತ್ತದೆ. ಆಫರ್ ಮುಗಿದಾಗ ಕಂಪ್ಯೂಟರಿನಲ್ಲಿ ಬೆಲೆ ಬದಲಾಗಿ, ಶೆಲ್ಫಿನ ಚೀಟಿ ತೆಗೆಯುವುದು ಉಳಿದುಬಿಟ್ಟರೆ ಹೀಗಾಗುತ್ತದೆ. ಕೆನಡಾದಲ್ಲಿ 2002ರಿಂದ ಇದಕ್ಕೊಂದು ಸ್ವಯಂಪ್ರೇರಿತ ನಿಯಮವಿದೆ. ಅದಕ್ಕೆ ಒಪ್ಪಿದ ಅಂಗಡಿಗಳಲ್ಲಿ ಸ್ಕ್ಯಾನರ್ ಜಾಸ್ತಿ ಬೆಲೆ ತೋರಿಸಿದರೆ, ಒಂದು ಮಿತಿಯೊಳಗಿನ ಬೆಲೆಯ ವಸ್ತು ಪುಕ್ಕಟೆ.

ನಮ್ಮಲ್ಲಿ ಜಗಳ ಬೇರೆ ಕಡೆ ಇತ್ತು. ಪ್ಯಾಕೆಟ್ ಮೇಲೆ "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂದಿರುತ್ತಿತ್ತು, ಆ ಹೆಸರಿನಲ್ಲಿ ಅಂಗಡಿಯವರು ಮನಸ್ಸಿಗೆ ಬಂದಷ್ಟು ಸೇರಿಸುತ್ತಿದ್ದರು. ಅದನ್ನು ತಡೆಯಲು 1990ರಲ್ಲಿ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಬಂತು. ಆದರೆ ಎಂಆರ್‌ಪಿ ಮೇಲಿನ ಮಿತಿ ಮಾತ್ರ. 149 ಮತ್ತು 168 ಎರಡೂ ಅದರೊಳಗೇ ಇರುವುದರಿಂದ ಆ ನಿಯಮ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಬೆಲೆಯ ಬಗ್ಗೆ ಜನರ ದಾರಿ ತಪ್ಪಿಸುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಒಪ್ಪಿದ ಬೆಲೆಗಿಂತ ಜಾಸ್ತಿ ತೆಗೆದುಕೊಂಡರೂ ದೂರು ಕೊಡಬಹುದು.

ಒಂದು ಮಿತಿ ಗೊತ್ತಿರಲಿ. ಶೆಲ್ಫಿನ ಚೀಟಿ ಕೊಳ್ಳಲು ಕರೆಯುವ ಆಹ್ವಾನ ಅಷ್ಟೇ, ವ್ಯಾಪಾರ ಕುದುರುವುದು ಕೌಂಟರಿನಲ್ಲಿ. ಹಾಗಾಗಿ ಹಣ ಕೊಡುವ ಮೊದಲು "149ಕ್ಕೆ ಕೊಡಿ, ಇಲ್ಲದಿದ್ದರೆ ಬಿಲ್ಲಿನಿಂದ ತೆಗೆಯಿರಿ" ಎಂದು ಪಟ್ಟು ಹಿಡಿಯಬಹುದು. 149ಕ್ಕೇ ಮಾರಲೇಬೇಕು ಎಂದು ಬಲವಂತ ಮಾಡಲಾಗದು. ಗೊತ್ತಿಲ್ಲದೆ 168 ಕೊಟ್ಟುಬಿಟ್ಟಿದ್ದರೆ 19 ರೂಪಾಯಿ ವಾಪಸ್ ಕೇಳಿ.

ಕೇಳುವ ಮೊದಲು ಶೆಲ್ಫಿಗೆ ಹೋಗಿ ಚೀಟಿಯ ಫೋಟೋ ತೆಗೆಯಿರಿ. ಬ್ರ್ಯಾಂಡ್, ತೂಕ, ಆಫರ್ ತಾರೀಖು ಕಾಣಬೇಕು. ಎಷ್ಟೋ ಸಲ ಚೀಟಿ ಪಕ್ಕದ ಅರ್ಧ ಲೀಟರ್ ಪ್ಯಾಕಿನದ್ದಾಗಿರುತ್ತದೆ. ನಾನು ಫೋಟೋ ತೋರಿಸಿದ ಮೇಲೆ ಮ್ಯಾನೇಜರ್ 19 ರೂಪಾಯಿ ಕೊಟ್ಟು, ಆ ಚೀಟಿಯನ್ನೂ ಕಿತ್ತರು.

ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ. ಬಿಲ್ ಎಂಆರ್‌ಪಿಯನ್ನೇ ದಾಟಿದ್ದರೆ ತೂಕ, ಅಳತೆ, ಎಂಆರ್‌ಪಿ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೂ ತಿಳಿಸಿ.