ತಾರಸಿಗೆ ಹೋರ್ಡಿಂಗ್: ಸಹಿ ಹಾಕುವ ಮೊದಲು ನೋಡಬೇಕಾದ್ದು

ತಾರಸಿ ಮೇಲೆ ಹೋರ್ಡಿಂಗ್‌ಗೆ ಜಾಗ ಕೊಡುವವರು ಕರಾರು ತೋರಿಸಲು ಬಂದರೆ, ನಾನು ಬಾಡಿಗೆಯ ಮೊತ್ತಕ್ಕಿಂತ ಮೊದಲು ಬೇರೊಂದು ಸಾಲು ಹುಡುಕುತ್ತೇನೆ. ಅವಧಿ ಮುಗಿದ ಮೇಲೆ ಆ ಕಬ್ಬಿಣದ ಫ್ರೇಮನ್ನು ಯಾರು, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ಇಳಿಸಬೇಕು? ಏಜೆನ್ಸಿಯವರೇ ಬರೆಸಿ ತರುವ ಪತ್ರದಲ್ಲಿ ಹೆಚ್ಚಾಗಿ ಇದು ಇರುವುದೇ ಇಲ್ಲ.

ಒಬ್ಬ ಕಕ್ಷಿದಾರರಿಗೆ ಆಗಿದ್ದು ಇದೇ. 11 ತಿಂಗಳ ಕರಾರು ಮುಗಿಯಿತು, ಬಾಡಿಗೆ ನಿಂತಿತು, ಫ್ರೇಮ್ ಮಾತ್ರ ಹಾಗೇ ಉಳಿಯಿತು. ಬೋಲ್ಟ್ ಕೂರಿಸಿದ ಕಡೆಯಿಂದ ಮಳೆನೀರು ಇಳಿದು ಕೆಳಗಿನ ರೂಮಿನ ಸೀಲಿಂಗ್ ಒದ್ದೆಯಾಯಿತು. ತೆಗೆಯಿರಿ ಅಂದರೆ, "ಕಾಂಕ್ರೀಟ್ ಕಟ್ಟೆ ಕಟ್ಟಿ ಲಕ್ಷಗಟ್ಟಲೆ ಸುರಿದಿದ್ದೇವೆ, ಹಾಗೆಲ್ಲ ತೆಗೆಸೋಕಾಗಲ್ಲ" ಎಂಬ ಉತ್ತರ.

ಈ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಜಾಗ ಬಳಸಲು ಕೊಡುವ ಅನುಮತಿಗೆ ಕಾನೂನಿನಲ್ಲಿ ಲೈಸೆನ್ಸ್ ಎನ್ನುತ್ತಾರೆ. ಸಾಮಾನ್ಯವಾಗಿ ಅದನ್ನು ಮಾಲೀಕರು ವಾಪಸ್ ಪಡೆಯಬಹುದು. ಆದರೆ ಆ ಅನುಮತಿ ನಂಬಿ ಇನ್ನೊಬ್ಬರು ಖರ್ಚು ಮಾಡಿ ಶಾಶ್ವತ ಕಾಮಗಾರಿ ಮಾಡಿದ್ದರೆ ವಾಪಸ್ ಪಡೆಯುವಂತಿಲ್ಲ ಎನ್ನುತ್ತದೆ 1882ರ ಈಸ್‌ಮೆಂಟ್ಸ್ ಕಾಯ್ದೆಯ 60ನೇ ಕಲಂ. ಅದಕ್ಕೇ ಕರಾರಿನಲ್ಲಿ ಹೀಗೆ ಬರೆಸಿ: "ಫ್ರೇಮ್ ತಾತ್ಕಾಲಿಕ, ಬಿಚ್ಚಿ ಒಯ್ಯುವಂಥದ್ದು. ಎಷ್ಟೇ ಖರ್ಚಾಗಿದ್ದರೂ 30 ದಿನಗಳ ನೋಟಿಸ್ ಕೊಟ್ಟು ಮಾಲೀಕರು ಅನುಮತಿ ರದ್ದು ಮಾಡಬಹುದು." ಇಳಿಸಲು ತಡವಾದರೆ ದಿನಕ್ಕೆ ಇಷ್ಟು ಎಂದು ಮೊತ್ತ ಹಾಕಿ. ರಂಧ್ರ ಮುಚ್ಚಿ ವಾಟರ್‌ಪ್ರೂಫಿಂಗ್ ಮಾಡಿಕೊಡುವವರೆಗೆ ಡಿಪಾಸಿಟ್ ವಾಪಸ್ ಇಲ್ಲ ಎಂದೂ ಸೇರಿಸಿ.

ಪತ್ರದ ತಲೆಬರಹದಲ್ಲಿ ಲೈಸೆನ್ಸ್ ಎಂದಿದ್ದರೆ ಸಾಕಾಗುವುದಿಲ್ಲ. ಇಡೀ ತಾರಸಿಯನ್ನೂ ಬೀಗದ ಕೈಯನ್ನೂ ಒಪ್ಪಿಸಿ, ಟ್ಯಾಂಕ್ ನೋಡಲು ನೀವೇ ಅವರನ್ನು ಕೇಳಿ ಹೋಗುವಂತಾದರೆ ಕೋರ್ಟ್ ಅದನ್ನು ಲೈಸೆನ್ಸ್ ಅಲ್ಲ, ಸೀದಾ ಬಾಡಿಗೆ ಹಕ್ಕು ಎಂದೇ ಓದಬಹುದು. ಆಗ ಬಿಡಿಸುವುದು ಇನ್ನೂ ಕಷ್ಟ. ಕೊಟ್ಟ ಜಾಗವನ್ನಷ್ಟೇ ನಕ್ಷೆಯಲ್ಲಿ ಗುರುತಿಸಿ, ಕೀ ನಿಮ್ಮ ಬಳಿಯೇ ಇರಲಿ. ಕಾಂಪೌಂಡಿನೊಳಗೆ ಪಾರ್ಕಿಂಗ್‌ಗೆ ಜಾಗ ಕೊಟ್ಟಾಗಲೂ ಗೇಟಿನ ಬೀಗ ನಿಮ್ಮದೇ ಆಗಿರಲಿ. ಅಪಾರ್ಟ್‌ಮೆಂಟ್ ತಾರಸಿ ಎಲ್ಲರಿಗೂ ಸೇರಿದ್ದಾದರೆ ಒಬ್ಬರ ಸಹಿಗೆ ಬೆಲೆಯಿಲ್ಲ, ಸಂಘದ ನಿರ್ಣಯ ಬೇಕು.

ಇನ್ನು ಗಾಳಿಯ ವಿಷಯ. 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಸತ್ತರು. ಅನುಮತಿಗೂ ಮೀರಿದ ಗಾತ್ರದ್ದು ಅದು. ನಿಮ್ಮ ಕಟ್ಟಡದಿಂದ ಫಲಕ ಬಿದ್ದರೆ ಪರಿಹಾರದ ದಾವೆಯಲ್ಲಿ ನಿಮ್ಮ ಹೆಸರೂ ಬರುತ್ತದೆ, ಅಲ್ವಾ? ಪಾಲಿಕೆಯ ಲಿಖಿತ ಅನುಮತಿ, ಗಾಳಿಯ ಒತ್ತಡವನ್ನೂ ಫ್ರೇಮಿನ ಭಾರವನ್ನೂ ಸ್ಲ್ಯಾಬ್ ತಡೆಯುತ್ತದೆ ಎಂಬ ಸ್ಟ್ರಕ್ಚರಲ್ ಎಂಜಿನಿಯರ್ ಪ್ರಮಾಣಪತ್ರ, ಮೂರನೆಯವರಿಗೆ ಹಾನಿಯಾದರೆ ತುಂಬುವ ವಿಮೆ, ಈ ಮೂರೂ ಕೈಗೆ ಬರುವವರೆಗೆ ಒಂದು ಬೋಲ್ಟ್ ಕೂಡ ಹಾಕುವಂತಿಲ್ಲ ಎಂದು ಕರಾರಿನಲ್ಲೇ ಇರಲಿ. ಪಾಲಿಕೆ ಅನುಮತಿ ರದ್ದಾದ ದಿನವೇ ಕರಾರೂ ಮುಗಿಯಬೇಕು, ಫ್ರೇಮ್ ಇಳಿಸಲು ಕೊಟ್ಟ ದಿನಗಳ ಲೆಕ್ಕವೂ ಅಂದಿನಿಂದಲೇ ಶುರುವಾಗಬೇಕು.