ಮೂಲವ್ಯಾಧಿ: ಮದ್ಯ, ಚಹಾ-ಕಾಫಿ ಮತ್ತು ಹೊಗೆಸೊಪ್ಪಿನ ಪಾಲೆಷ್ಟು?

‘ಮೂಲವ್ಯಾಧಿ’ ಎಂಬಲ್ಲಿ ‘ಮೂಲ’ ಎಂದರೆ ದೇಹದ ಬುಡ, ಅಂದರೆ ಗುದ. ಆಡುಮಾತಿನಲ್ಲಿ ಇದನ್ನು ಮೊಳೆರೋಗ ಅಥವಾ ಪೈಲ್ಸ್ ಎನ್ನುತ್ತಾರೆ. ಆಯುರ್ವೇದದಲ್ಲಿ ಇದರ ಹೆಸರು ಅರ್ಶಸ್. ಮೊಳೆ ಎಂಬುದು ಹೊರಗಿನಿಂದ ಬಂದು ಸೇರಿಕೊಂಡ ಗಂಟಲ್ಲ. ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ದಿಂಬುಗಳು ಎಲ್ಲರಿಗೂ ಇರುತ್ತವೆ, ಮತ್ತು ವಾಯು ಹಾಗೂ ನೀರು ಅರಿವಿಲ್ಲದೆ ಹೊರಬೀಳದಂತೆ ತಡೆಯಲು ನೆರವಾಗುತ್ತವೆ. ಇವು ಊದಿ, ತಮ್ಮ ಜಾಗದಿಂದ ಕೆಳಗೆ ಜಾರಿ, ಉಜ್ಜಿಕೊಂಡು ರಕ್ತ ಸುರಿಸತೊಡಗಿದಾಗ ಅದು ವ್ಯಾಧಿಯಾಗುತ್ತದೆ. ಹೀಗೆ ಜಾರಿಸುವುದರಲ್ಲಿ ದೊಡ್ಡ ಪಾಲು ಗಟ್ಟಿ ಮಲದ್ದು, ಮತ್ತು ಅದನ್ನು ಹೊರಹಾಕಲು ನಾವು ತಿಣುಕುವುದರದ್ದು. ಕುಡಿತ, ಚಹಾ-ಕಾಫಿ, ಹೊಗೆಸೊಪ್ಪು ಇವು ಮೊಳೆಯನ್ನು ನೇರವಾಗಿ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಮಲದ ನೀರನ್ನೂ ಶೌಚದ ಅಭ್ಯಾಸವನ್ನೂ ಕೆಡಿಸಿ ಈ ದಾರಿಗೆ ತರುತ್ತವೆ ಎಂಬುದೇ ಇಲ್ಲಿ ತಿಳಿಯಬೇಕಾದ ವಿಷಯ.

ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಇಳಿಯುತ್ತದೆ. ಅದರಲ್ಲಿ ಮಲದೊಡನೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದದ್ದನ್ನು ಕರುಳು ಹೀರಿಕೊಳ್ಳುತ್ತದೆ. ದೇಹಕ್ಕೆ ನೀರು ಕಡಿಮೆಯಾದಾಗ, ಅಥವಾ ಮಲ ಕರುಳಿನಲ್ಲಿ ಹೆಚ್ಚು ಹೊತ್ತು ತಂಗಿದಾಗ, ಕರುಳು ಮಲದಲ್ಲಿ ಉಳಿಯಬೇಕಾದ ಈ ಅಲ್ಪ ನೀರನ್ನೂ ಹಿಂಡಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ.

ರಾತ್ರಿ ಊಟಕ್ಕೆ ಮೊದಲು ಒಂದು ಕ್ವಾರ್ಟರ್ ವಿಸ್ಕಿ ಕುಡಿಯುವ ಲಾರಿ ಚಾಲಕನೊಬ್ಬನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಆ 180 ಮಿಲಿಲೀಟರಿನಲ್ಲಿ ಶೇಕಡ 42.8 ಮದ್ಯಸಾರ, ಅಂದರೆ ತೂಕದಲ್ಲಿ ಸುಮಾರು 60 ಗ್ರಾಂ ಇರುತ್ತದೆ. ಮೂತ್ರದ ಮೂಲಕ ನೀರು ಪೋಲಾಗದಂತೆ ಕಾಯುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಮದ್ಯಸಾರವು ಕೆಲಕಾಲ ತಗ್ಗಿಸುವುದರಿಂದ, ಅವನು ಕುಡಿದದ್ದಕ್ಕಿಂತ ಹೆಚ್ಚಾಗಿ, ಅಂದಾಜು ಅರ್ಧ ಲೀಟರಿನಷ್ಟು ನೀರು ಮೂತ್ರವಾಗಿ ಹೋಗಬಹುದು. ಊಟವೋ ಕರಿದ ಮಾಂಸ ಮತ್ತು ಪರೋಟ, ನಾರಿನ ಸುಳಿವಿಲ್ಲ. ಬೆಳಿಗ್ಗೆ ಮಲ ಆಡಿನ ಹಿಕ್ಕೆಯಂತೆ ಗುಂಡುಗುಂಡಾಗಿ ಬರುತ್ತದೆ. ಬಿಯರನ್ನು ಹೆಚ್ಚು ಕುಡಿದ ಮರುದಿನ ಇದಕ್ಕೆ ವಿರುದ್ಧವಾಗಿ ಕರುಳು ವೇಗಗೊಂಡು ಭೇದಿಯಾಗುವುದೂ ಉಂಟು. ಪದೇ ಪದೇ ಆಗುವ ಭೇದಿಯೂ ಮೊಳೆಯನ್ನು ಕೆರಳಿಸುತ್ತದೆ. ಆದ್ದರಿಂದ ‘ನನಗೆ ಮಲಬದ್ಧತೆಯೇ ಇಲ್ಲ’ ಎಂಬ ಸಮಾಧಾನ ಸಾಲದು.

ಚಹಾ-ಕಾಫಿಯ ಮೇಲಿನ ಆರೋಪವನ್ನು ಸ್ವಲ್ಪ ತೂಗಿ ನೋಡಬೇಕು. ಕಾಫಿ ಕುಡಿದ ಕೆಲವೇ ನಿಮಿಷಗಳಲ್ಲಿ ಅನೇಕರಿಗೆ ಶೌಚದ ಕರೆ ಬರುತ್ತದೆ, ಏಕೆಂದರೆ ಕಾಫಿ ದೊಡ್ಡ ಕರುಳನ್ನು ಕುಲುಕುತ್ತದೆ. ದಿನಕ್ಕೆ ಎರಡು-ಮೂರು ಲೋಟಕ್ಕೆ ರೂಢಿಯಾದವರಲ್ಲಿ ಅದು ನೀರನ್ನು ಗಮನಾರ್ಹವಾಗಿ ಕಳೆಯುವುದೂ ಇಲ್ಲ. ತೊಂದರೆ ಬರುವುದು ಲೋಟಗಳು ಏಳೆಂಟಾಗಿ, ನೀರಿನ ಮತ್ತು ಊಟದ ಜಾಗವನ್ನು ಅವೇ ಹಿಡಿದಾಗ. ಕಡು ಚಹಾದ ಒಗರಿಗೆ ಕಾರಣವಾದ ಟ್ಯಾನಿನ್, ಸೊಪ್ಪು-ಕಾಳುಗಳಲ್ಲಿನ ಕಬ್ಬಿಣವನ್ನು ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ಮೊಳೆಯಿಂದ ದಿನವೂ ರಕ್ತ ಕಳೆದುಕೊಳ್ಳುತ್ತಿರುವವರಿಗೆ ಇದು ನಿಜವಾದ ನಷ್ಟ. ಅವರು ಚಹಾವನ್ನು ಊಟದಿಂದ ಒಂದು ಗಂಟೆಯಾದರೂ ದೂರವಿಡಬೇಕು.

ಹೊಗೆಸೊಪ್ಪಿನ ನಿಕೋಟಿನ್ ಕೂಡ ಕರುಳನ್ನು ಚುರುಕುಗೊಳಿಸುತ್ತದೆ. ‘ಕಡ್ಡಿಪುಡಿ ಹಾಕದೆ ಆಗುವುದೇ ಇಲ್ಲ’ ಎನ್ನುವವರನ್ನು ನಾವೆಲ್ಲ ನೋಡಿದ್ದೇವೆ. ಅವರು ಅದನ್ನು ಕೆನ್ನೆಯಲ್ಲಿಟ್ಟುಕೊಂಡು ಇಪ್ಪತ್ತು ನಿಮಿಷ ಶೌಚಾಲಯದಲ್ಲಿ ಕೂರುತ್ತಾರೆ, ಮತ್ತು ಹಾಗೆ ಕೂತಷ್ಟು ಹೊತ್ತೂ ಆ ದಿಂಬುಗಳಲ್ಲಿ ರಕ್ತ ತುಂಬಿಕೊಳ್ಳುತ್ತದೆ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬರುವುದು ಮೇಲು. ಅಡಿಕೆ-ಗುಟ್ಕಾ ಜಗಿಯುವವರಲ್ಲಿ ಬಾಯಿಯ ಒಳಪದರ ಗಡುಸಾಗಿ ದವಡೆ ಪೂರ್ತಿ ತೆರೆಯದಂತಾದಾಗ, ಸೊಪ್ಪು, ಹಸಿ ತರಕಾರಿ, ಸೀಬೆಹಣ್ಣು ಜಗಿಯಲಾಗದೆ ಅವರು ಮೆತ್ತನೆಯ ಅನ್ನ-ಗಂಜಿಗೆ ಇಳಿಯುತ್ತಾರೆ. ಹೀಗೆ ಬಾಯಿಯ ರೋಗ ಗುದದವರೆಗೂ ಮುಟ್ಟುತ್ತದೆ. ತಂಬಾಕು ಬಿಟ್ಟ ಮೊದಲ ಕೆಲವು ವಾರ ಮಲ ಕಟ್ಟುವುದು ಸಹಜ. ಇದಕ್ಕೆ ಹೆದರಿ ಮತ್ತೆ ಬಾಯಿಗೆ ಹಾಕುವ ಬದಲು ಆ ಅವಧಿಗೆ ಇಸಬ್ಗೋಲಿನ ಹೊಟ್ಟನ್ನು ಸಾಕಷ್ಟು ನೀರಿನೊಡನೆ ತೆಗೆದುಕೊಂಡರೆ ಸಾಮಾನ್ಯವಾಗಿ ನಿಭಾಯಿಸಬಹುದು.

ಒಳಮೊಳೆಯ ರಕ್ತವು ಸಾಮಾನ್ಯವಾಗಿ ಅಚ್ಚ ಕೆಂಪಾಗಿ, ನೋವಿಲ್ಲದೆ, ಮಲದ ನಂತರ ತೊಟ್ಟಿಕ್ಕುತ್ತದೆ. ಆದರೆ ಬಹಳ ವರ್ಷ ಕುಡಿದು ಯಕೃತ್ತು ಗಡುಸಾದವರಲ್ಲಿ, ಅದರ ಮೂಲಕ ಸಾಗಲಾಗದ ರಕ್ತ ಹಿಂದಕ್ಕೆ ಒತ್ತಿ ಗುದನಾಳದ ರಕ್ತನಾಳಗಳು ಉಬ್ಬುತ್ತವೆ. ಹೊರಗಿನಿಂದ ಮೊಳೆಯಂತೆಯೇ ಕಂಡರೂ ಇದು ಮೊಳೆಯಲ್ಲ, ಮತ್ತು ಮೊಳೆಯೆಂದು ಇದನ್ನು ಕತ್ತರಿಸಿದರೆ ಅಥವಾ ಕಟ್ಟಿದರೆ ಅಪಾಯಕರ ರಕ್ತಸ್ರಾವವಾಗಬಹುದು. ಹಾಗಾಗಿ ಕುಡಿತದ ಇತಿಹಾಸವನ್ನು ವೈದ್ಯರಿಂದ ಮುಚ್ಚಿಡಬಾರದು. ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ರಕ್ತ ಮಲದೊಳಗೇ ಬೆರೆತಿದ್ದರೆ, ತೂಕ ಇಳಿಯುತ್ತಿದ್ದರೆ ಮೊಳೆಯ ಮುಲಾಮು ಹಚ್ಚುತ್ತಾ ಕೂರದೆ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.