ಪದ ಪರಿಚಯ: ಕವರ್ ಲೆಟರ್

ಉದ್ಯೋಗದ ಅರ್ಜಿ ಹಾಕುವಾಗ ರೆಸ್ಯೂಮೆಯ ಜೊತೆಗೆ ಕಳುಹಿಸುವ ಒಂದು ಪುಟದ ಪತ್ರವೇ ಕವರ್ ಲೆಟರ್. ರೆಸ್ಯೂಮೆ ಒಂದು ಪಟ್ಟಿ. ಹತ್ತು ಕಂಪನಿಗಳಿಗೂ ಹೆಚ್ಚುಕಡಿಮೆ ಅದೇ ಹೋಗುತ್ತದೆ. ಕವರ್ ಲೆಟರ್ ಮಾತ್ರ ಒಂದು ಕಂಪನಿಯ ಒಂದು ಹುದ್ದೆಗೆಂದೇ ಬರೆದದ್ದು. ನೀವು ಕೇಳಿರುವ ಕೆಲಸವನ್ನು ನಾನು ಇಲ್ಲಿ, ಇಷ್ಟು ಮಟ್ಟಿಗೆ ಮಾಡಿದ್ದೇನೆ ಎಂದು ತೋರಿಸುವುದು ಅದರ ಉದ್ದೇಶ. ಶಾಲೆಯಲ್ಲಿ ನಾವು ಕಲಿತ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂಬ ಮಾದರಿ ಬೇಡಿಕೆಯ ಪತ್ರದ್ದು. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ ವಿನಯ ತುಂಬಿದ, ಆದರೆ ವಿಷಯವೇ ಇಲ್ಲದ ಕಾಗದ ಸಿದ್ಧವಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ದಾವಣಗೆರೆಯ ಬಿ.ಕಾಂ. ಪದವೀಧರೆಯೊಬ್ಬಳು ಲಂಡನ್ನಿನ ಸಂಸ್ಥೆಯೊಂದಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಹೂಡಿಕೆ ನಿಧಿಗಳ ಲೆಕ್ಕಪತ್ರ ನೋಡಿಕೊಳ್ಳುವ ಸಂಸ್ಥೆ ಅದು. ಹುದ್ದೆ ರೀಕನ್ಸಿಲಿಯೇಷನ್ ವಿಭಾಗದ ಕಿರಿಯ ವಿಶ್ಲೇಷಕರದ್ದು. ನಿಧಿಯ ಪುಸ್ತಕದಲ್ಲಿರುವ ಹಣ ಮತ್ತು ಷೇರುಗಳ ಲೆಕ್ಕವನ್ನು, ಅವುಗಳನ್ನು ಕಾಪಿಡುವ ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವುದು ಅಲ್ಲಿನ ಕೆಲಸ. ತಾಳೆಯಾಗದೆ ಉಳಿದ ನಮೂದನ್ನು ಅವರು ಬ್ರೇಕ್ ಎನ್ನುತ್ತಾರೆ. ಆಕೆ ಗೀಚಿಕೊಂಡ ಕನ್ನಡ ಟಿಪ್ಪಣಿ ಹೀಗಿದೆ:

"ಬಿ.ಕಾಂ., 68%, ಪ್ರಥಮ ದರ್ಜೆ. ಆಡಿಟರ್ ಆಫೀಸಿನಲ್ಲಿ ಒಂದು ವರ್ಷ. ಜಿಎಸ್‌ಟಿ ಕೆಲಸ ನೋಡಿಕೊಂಡೆವು. ಟ್ಯಾಲಿ, ಎಕ್ಸೆಲ್ ಗೊತ್ತು. ಸಿಎಫ್‌ಎ ಲೆವೆಲ್ 1 ಆಗಿದೆ. ಅಪ್ಪನ ಅಂಗಡಿ ಲೆಕ್ಕವೂ ನನ್ನದೇ. ಕಷ್ಟಪಟ್ಟು ದುಡಿಯುತ್ತೇನೆ."

ಇದನ್ನು ಸಾಲುಸಾಲಾಗಿ ಅನುವಾದಿಸಲು ಹೊರಟರೆ ಪತ್ರ ಅಲ್ಲಿಗೇ ಕೆಟ್ಟಿತು. ಮೊದಲು ಟಿಪ್ಪಣಿಯನ್ನೇ ಪ್ರಶ್ನಿಸಬೇಕು. "ನೋಡಿಕೊಂಡೆವು" ಎಂದಾಗ ಮಾಡಿದವರು ಯಾರು? ನಮ್ಮ ಸಂಕೋಚಕ್ಕೆ ಬಹುವಚನ ಒಗ್ಗುತ್ತದೆ, ಆದರೆ ಲಂಡನ್ನಿನ ಓದುಗನಿಗೆ ತಿಳಿಯಬೇಕಾದದ್ದು ಈಕೆಯ ಪಾಲು. "ಜಿಎಸ್‌ಟಿ ಕೆಲಸ" ಎಂದರೆ ಏನು, ತಿಂಗಳಿಗೆ ಎಷ್ಟು, ಕೊನೆಗೆ ಏನಾಯಿತು? ಇಷ್ಟನ್ನು ಕನ್ನಡದಲ್ಲೇ ಬರೆದುಕೊಳ್ಳುವಂತೆ ಹೇಳಿದರೆ ಟಿಪ್ಪಣಿಯ ಆ ಒಂದು ಸಾಲು ಬೆಳೆಯುತ್ತದೆ. ಗ್ರಾಹಕರೊಬ್ಬರ ಖರೀದಿ ಪುಸ್ತಕವನ್ನು ಆಕೆ ಪ್ರತಿ ತಿಂಗಳೂ ಜಿಎಸ್‌ಟಿಆರ್-2ಬಿ ಜೊತೆ ಹೋಲಿಸುತ್ತಿದ್ದಳು. ಮಾರಾಟಗಾರರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳನ್ನು ಆಧರಿಸಿ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ ಅದು. ಬಿಲ್ಲು ಅದರಲ್ಲಿ ಬಾರದಿದ್ದರೆ ಖರೀದಿದಾರನಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. 2022ರ ಜನವರಿಯಿಂದ ಈ ನಿಯಮ ಬಿಗಿಯಾಗಿದೆ. ತಿಂಗಳಿಗೆ ಸುಮಾರು 300 ಬಿಲ್ಲುಗಳು. ಒಂದು ತಿಂಗಳು ಏಳು ತಾಳೆಯಾಗಲಿಲ್ಲ. ಐದರಲ್ಲಿ ಬಿಲ್ಲಿನ ಸಂಖ್ಯೆಯನ್ನು ಎರಡು ಕಡೆ ಎರಡು ಬಗೆಯಾಗಿ ಬರೆದಿದ್ದರು, ಇನ್ನೆರಡನ್ನು ಮಾರಾಟಗಾರ ತೋರಿಸಿಯೇ ಇರಲಿಲ್ಲ. ಆಕೆ ಫೋನ್ ಮಾಡಿ ಹೇಳಿದ ಮೇಲೆ ಅವು ಮುಂದಿನ ತಿಂಗಳ ಪಟ್ಟಿಯಲ್ಲಿ ಬಂದವು.

ಇದೇ ಪತ್ರದ ಜೀವ. ಆಕೆ ಹಿಡಿದ ಏಳು ಬಿಲ್ಲುಗಳು ಲಂಡನ್ನಿನವರ ಭಾಷೆಯಲ್ಲಿ ಏಳು ಬ್ರೇಕ್‌ಗಳು. ದಾವಣಗೆರೆಯಲ್ಲಿ ಮಾಡಿದ್ದೂ ಅಲ್ಲಿ ಮಾಡಬೇಕಾದದ್ದೂ ಒಂದೇ ಜಾತಿಯ ಕೆಲಸ ಎಂಬುದನ್ನು ಪತ್ರ ತೋರಿಸಿಕೊಡಬೇಕು. ಓದುಗನೇ ಊಹಿಸಿಕೊಳ್ಳಲಿ ಎಂದು ಬಿಡಬಾರದು. ಹಾಗಾಗಿ ನಡುವಿನ ಪ್ಯಾರಾದ ಸಾರ ಹೀಗಿರುತ್ತದೆ: "ಲೆಕ್ಕಪರಿಶೋಧಕರ ಕಚೇರಿಯಲ್ಲಿ, ಒಬ್ಬ ಗ್ರಾಹಕರ ತಿಂಗಳಿಗೆ ಸುಮಾರು 300 ಖರೀದಿ ಬಿಲ್ಲುಗಳನ್ನು ಭಾರತದ ಸರಕು ಮತ್ತು ಸೇವಾ ತೆರಿಗೆಯ ಸರ್ಕಾರಿ ದಾಖಲೆಯೊಂದಿಗೆ ನಾನು ತಾಳೆ ನೋಡುತ್ತಿದ್ದೆ. ಒಂದು ತಿಂಗಳು ಉಳಿದ ಏಳು ವ್ಯತ್ಯಾಸಗಳಲ್ಲಿ ಐದಕ್ಕೆ ಬಿಲ್ಲಿನ ಸಂಖ್ಯೆ ಬರೆದ ರೀತಿ ಕಾರಣ, ಎರಡಕ್ಕೆ ಮಾರಾಟಗಾರರ ಬಾಕಿ ಕಾರಣ ಎಂದು ಪತ್ತೆಹಚ್ಚಿ, ಮುಂದಿನ ತಿಂಗಳೊಳಗೆ ಎಲ್ಲವನ್ನೂ ಸರಿಪಡಿಸಿದೆ." ಇಂಗ್ಲಿಷಿನಲ್ಲಿ ಇದು ಎರಡು ವಾಕ್ಯ, ಎರಡಕ್ಕೂ ಕರ್ತೃ "ಐ". ಜಿಎಸ್‌ಟಿಆರ್-2ಬಿ ಎಂಬ ಹೆಸರು ಬೇಡ; ಅಲ್ಲಿ ಯಾರಿಗೂ ಗೊತ್ತಿಲ್ಲ. ತೆರಿಗೆಯ ಮೊತ್ತವೂ ಬೇಡವೆಂದೇ ನನ್ನ ಅಭಿಪ್ರಾಯ. ಕೆಲವು ಸಾವಿರ ರೂಪಾಯಿ ಪೌಂಡಿನಲ್ಲಿ ಚಿಲ್ಲರೆಯಾಗಿ ಕಾಣುತ್ತದೆ, ಕೆಲಸದ ಕ್ರಮ ಹಾಗೆ ಕುಗ್ಗುವುದಿಲ್ಲ. ಮೊತ್ತ ಹೇಳಲೇಬೇಕಾದರೆ ಲಕ್ಷ, ಕೋಟಿ ಬಿಟ್ಟು ಸಾವಿರ, ಮಿಲಿಯನ್ ಲೆಕ್ಕದಲ್ಲಿ ಹೇಳಬೇಕು: 40 ಲಕ್ಷವೆಂದರೆ 4 ಮಿಲಿಯನ್. ಗ್ರಾಹಕರ ಹೆಸರನ್ನು ಮಾತ್ರ ಯಾವ ಕಾರಣಕ್ಕೂ ಬರೆಯಬಾರದು. ಹಿಂದಿನ ಕಚೇರಿಯ ಗುಟ್ಟನ್ನು ಹೊರಹಾಕಿದವಳು ನಾಳೆ ನಮ್ಮದನ್ನೂ ಹಾಕುತ್ತಾಳೆ ಎಂದು ಹಣಕಾಸಿನ ಸಂಸ್ಥೆ ಎಣಿಸಿದರೆ ತಪ್ಪಿಲ್ಲ.

ಟಿಪ್ಪಣಿಯ ಎರಡು ಸಾಲುಗಳು ನೋಡಲು ಸರಳ, ಬರೆಯಲು ಅಪಾಯಕಾರಿ. ಒಂದು, "ಪ್ರಥಮ ದರ್ಜೆ". ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ 60% ದಾಟಿದರೆ ಪ್ರಥಮ ದರ್ಜೆ. ಬ್ರಿಟನ್ನಿನಲ್ಲಿ ಆ ಮಾತಿಗೆ ಸಾಮಾನ್ಯವಾಗಿ 70% ಬೇಕು, 68 ಅಲ್ಲಿ ದ್ವಿತೀಯ ದರ್ಜೆಯ ಮೇಲಿನ ಭಾಗ. ಬರೀ "ಫಸ್ಟ್ ಕ್ಲಾಸ್" ಎಂದು ಬರೆದರೆ ಅಂಕಪಟ್ಟಿ ನೋಡಿದ ದಿನ ಅನುಮಾನ ಹುಟ್ಟುತ್ತದೆ. 68% ಎಂದು ಬರೆದು, ಭಾರತೀಯ ವಿಶ್ವವಿದ್ಯಾಲಯದ ಪ್ರಥಮ ದರ್ಜೆ ಎಂದು ಸೇರಿಸಿದರೆ ಗೊಂದಲವಿಲ್ಲ. ತಾನೇ ಗುಣಿಸಿ ಭಾಗಿಸಿ ಅವರ ಶ್ರೇಣಿಗೆ ಪರಿವರ್ತಿಸುವ ಗೋಜಿಗೆ ಹೋಗಬಾರದು.

ಇನ್ನೊಂದು, "ಸಿಎಫ್‌ಎ ಲೆವೆಲ್ 1". ಹೂಡಿಕೆ ವಿಶ್ಲೇಷಣೆಯ ಈ ಮೂರು ಹಂತಗಳ ಪರೀಕ್ಷೆ ನಡೆಸುವ ಸಿಎಫ್‌ಎ ಇನ್‌ಸ್ಟಿಟ್ಯೂಟ್, ಅರ್ಧದಾರಿಯಲ್ಲಿರುವವರು ಆ ಮೂರು ಅಕ್ಷರಗಳನ್ನು ಬಿರುದಿನಂತೆ ಬಳಸುವುದನ್ನು ಒಪ್ಪುವುದಿಲ್ಲ. ಹೆಸರಿನ ಮುಂದೆ "ಸಿಎಫ್‌ಎ ಲೆವೆಲ್ 1" ಎಂದು ಹಾಕಿಕೊಳ್ಳುವಂತಿಲ್ಲ. ಸಿಎಫ್‌ಎ ಪ್ರೋಗ್ರಾಮಿನ ಮೊದಲ ಹಂತದಲ್ಲಿ ಉತ್ತೀರ್ಣಳಾಗಿದ್ದೇನೆ ಎನ್ನಬಹುದು. ಮುಂದಿನ ಹಂತಕ್ಕೆ ನೋಂದಣಿಯಾಗಿದ್ದರೆ ಮಾತ್ರ ಅದನ್ನೂ ಹೇಳಬಹುದು. ನಿಧಿಗಳ ಲೋಕದಲ್ಲಿ ಈ ವ್ಯತ್ಯಾಸ ಬಲ್ಲವರು ಬಹಳ, ಅದಕ್ಕೇ ಇಲ್ಲಿ ಎಡವಿದರೆ ಮುಚ್ಚಿಡಲಾಗದು.

ಉಳಿದದ್ದನ್ನು ಬೇಗ ಮುಗಿಸಬಹುದು. "ಕಷ್ಟಪಟ್ಟು ದುಡಿಯುತ್ತೇನೆ" ಎಂಬುದನ್ನು ಅಳಿಸಿ ಹಾಕಿ; ಏಳು ಬಿಲ್ಲುಗಳ ಕಥೆ ಆ ಮಾತನ್ನು ಹೇಳಿಯಾಗಿದೆ. ಟ್ಯಾಲಿ ರೆಸ್ಯೂಮೆಯಲ್ಲಿರಲಿ. ಎಕ್ಸೆಲ್ ಇಲ್ಲಿಯೂ ಬರಬಹುದು, ಆದರೆ ಎರಡು ಪಟ್ಟಿಗಳನ್ನು ಯಾವ ಸೂತ್ರದಿಂದ ಹೊಂದಿಸಿದೆ ಎಂಬುದರ ಜೊತೆಗೆ. ಅಪ್ಪನ ಅಂಗಡಿಯ ಲೆಕ್ಕವನ್ನು ಅನೇಕರು ನಾಚಿಕೆಯಿಂದ ಬಿಡುತ್ತಾರೆ. ನಾನಾದರೆ ಒಂದು ಉಪವಾಕ್ಯದಷ್ಟು ಇಟ್ಟುಕೊಳ್ಳುತ್ತೇನೆ, ಏಕೆಂದರೆ ದಿನದ ಕೊನೆಗೆ ಗಲ್ಲಾಪೆಟ್ಟಿಗೆಯ ನಗದು ಪುಸ್ತಕಕ್ಕೆ ಹೊಂದದಿದ್ದರೆ ಏನು ಮಾಡಬೇಕೆಂದು ಬಲ್ಲವರೇ ಅವರಿಗೆ ಬೇಕಾಗಿರುವುದು. ತಂದೆಯ ಹೆಸರು, ಜನ್ಮದಿನಾಂಕ, ವೈವಾಹಿಕ ಸ್ಥಿತಿ, ಫೋಟೊ ಇವನ್ನು ಬ್ರಿಟನ್ನಿಗೆ ಕಳುಹಿಸುವ ರೂಢಿಯಿಲ್ಲ.

ಪತ್ರದ ಉದ್ದ ಸುಮಾರು 300 ಪದ. ಮೊದಲ ಪ್ಯಾರಾದಲ್ಲಿ ಹುದ್ದೆಯ ಹೆಸರು ಮತ್ತು ಆ ತಾಳೆಯ ಕೆಲಸದ ಸುಳಿವು, ನಡುವೆ ಬಿಲ್ಲುಗಳ ವಿವರ, ಆಮೇಲೆ ಓದು ಮತ್ತು ಸಿಎಫ್‌ಎ. ಕೊನೆಯಲ್ಲಿ ವೀಸಾ ಪ್ರಾಯೋಜಕತ್ವ ಬೇಕಾಗುತ್ತದೆ ಎಂದು ಒಂದೇ ವಾಕ್ಯದಲ್ಲಿ ನೇರವಾಗಿ ಹೇಳಬೇಕು. ಅಲ್ಲಿನ ನುರಿತ ಕೆಲಸಗಾರರ ವೀಸಾಕ್ಕೆ ಪರವಾನಗಿ ಇರುವ ಸಂಸ್ಥೆಯೇ ಪ್ರಾಯೋಜಿಸಬೇಕಾದ್ದರಿಂದ, ಬಚ್ಚಿಟ್ಟರೆ ಎರಡು ಕಡೆಯವರ ಸಮಯವೂ ಹಾಳು. ಪತ್ರವನ್ನು ಓದುವವರ ಹೆಸರು ತಿಳಿದು "ಡಿಯರ್" ಎಂದು ಹೆಸರಿಟ್ಟು ಆರಂಭಿಸಿದ್ದರೆ ಬ್ರಿಟಿಷ್ ಪದ್ಧತಿಯಂತೆ ಕೊನೆಯಲ್ಲಿ "ಯುವರ್ಸ್ ಸಿನ್ಸಿಯರ್ಲಿ". ಹೆಸರು ತಿಳಿಯದೆ "ಡಿಯರ್ ಸರ್ ಆರ್ ಮೇಡಂ" ಎಂದಿದ್ದರೆ "ಯುವರ್ಸ್ ಫೇತ್‌ಫುಲಿ". "ರೆಸ್ಪೆಕ್ಟೆಡ್ ಸರ್" ಎರಡಕ್ಕೂ ಸಲ್ಲದು.